ಬೆಳ್ಳಿ ನಟ್ಟು

ಬೋಲ್ಟಿನ ತಲೆಯ ಮೇಲೆ ಅಂಕಿ ಇರುತ್ತದೆ ಎಂದು ನನಗೆ ಗೊತ್ತಾದದ್ದು ನಲವತ್ತು ದಾಟಿದ ಮೇಲೆ. ಅದಕ್ಕೆ ಮೊದಲು ಹದಿನಾರು ವರ್ಷ ಮಧುಗಿರಿಯಲ್ಲಿ ಪತ್ರಿಕೆಯೊಂದರ ತಾಲ್ಲೂಕು ವರದಿಗಾರನಾಗಿದ್ದೆ. ಪತ್ರಿಕೆ ತಾಲ್ಲೂಕು ಕಚೇರಿಗಳನ್ನು ಮುಚ್ಚಿತು. ಅಕ್ಕನ ಗಂಡ ಶಿರಾದ ಹೊರಗೆ, ಹೆದ್ದಾರಿಯ ಪಕ್ಕ, ಕಬ್ಬಿಣದ ಶೆಡ್‌ಗಳನ್ನು ತಯಾರಿಸಿ ನಿಲ್ಲಿಸುವ ಯಾರ್ಡ್ ನಡೆಸುತ್ತಿದ್ದರು. ‘ಸುಮ್ನೆ ಮನೇಲಿ ಕೂತು ಏನ್ ಮಾಡ್ತೀಯಾ, ಬಂದು ಸ್ಟೋರ್ ನೋಡ್ಕೋ. ಬರಿಯೋದು ನಿನಗೆ ಬರುತ್ತೆ’ ಎಂದರು. ಹೋದೆ.

ಸ್ಟೋರ್ ಅಂದರೆ ತಗಡಿನ ಒಂದು ಕೋಣೆ. ಒಳಗೆ ಕಬ್ಬಿಣದ ರ‍್ಯಾಕು, ತೂಕದ ಯಂತ್ರ, ಒಂದು ಮೇಜು. ಬೋಲ್ಟು, ನಟ್ಟು, ವಾಷರ್, ವೆಲ್ಡಿಂಗ್ ಕಡ್ಡಿ, ಪೇಂಟು ಒಳಗೆ ಬರುವುದನ್ನೂ ಹೊರಗೆ ಹೋಗುವುದನ್ನೂ ಬರೆಯುವುದು ನನ್ನ ಕೆಲಸ. ಮೊದಲ ವಾರದಲ್ಲೇ ಒಂದು ತಪ್ಪು ಮಾಡಿದೆ. ಅರವತ್ತು ಮಿಲಿಮೀಟರಿನ ಬೋಲ್ಟು ಕೇಳಿದವರಿಗೆ, ಅದು ಕಡಿಮೆ ಇದ್ದುದರಿಂದ, ಎಂಬತ್ತರದ್ದು ಕೊಟ್ಟು ಕಳಿಸಿದೆ. ಉದ್ದ ಹೆಚ್ಚಾದರೆ ಒಳ್ಳೆಯದೇ ಅಲ್ಲವೇ ಎಂದುಕೊಂಡಿದ್ದೆ. ಮಾರನೇ ದಿನ ಮೇಸ್ತ್ರಿ ಆ ಬೋಲ್ಟುಗಳ ಡಬ್ಬವನ್ನು ತಂದು ನನ್ನ ಮೇಜಿನ ಮೇಲೆ ಕುಕ್ಕಿದರು.

ಮೇಸ್ತ್ರಿ ಪಾವಗಡದ ಕಡೆಯವರು. ಐವತ್ತೈದರ ಆಸುಪಾಸು, ಸಣಕಲು ಆಳು. ಮಾತಿನಲ್ಲಿ ಅರ್ಧ ತೆಲುಗು. ಯಾರ್ಡಿನಲ್ಲಿ ತಯಾರಾದ ಕಂಬ, ತೊಲೆಗಳನ್ನು ಸೈಟಿಗೆ ಒಯ್ದು ನಿಲ್ಲಿಸುವ ತಂಡ ಅವರದು. ಶಾಲೆಗೆ ಹೋದದ್ದು ಮೂರನೇ ಕ್ಲಾಸಿನವರೆಗೆ. ಆದರೆ ಬೋಲ್ಟಿನ ತಲೆಯನ್ನು ಹೆಬ್ಬೆರಳಲ್ಲಿ ಸವರಿ, ಕಣ್ಣು ಬೇರೆ ಕಡೆ ಇದ್ದರೂ, ಇದು ಎಂಟು ಪಾಯಿಂಟ್ ಎಂಟು, ಇದು ನಾಲ್ಕು ಪಾಯಿಂಟ್ ಆರು ಎಂದು ಹೇಳುತ್ತಿದ್ದರು.

‘ಸಾಮಿ, ಪೇಪರ್‌ನಾಗೆ ಉದ್ದ ಬರ್ದಷ್ಟೂ ಕಾಸು ಕೊಡ್ತಿದ್ರೇನೋ. ಇಲ್ಲಿ ಅಂಗಲ್ಲ’ ಎಂದು ಒಂದು ಬೋಲ್ಟನ್ನು ಎತ್ತಿ ಹಿಡಿದರು. ‘ನೋಡ್ರಿ, ತಲೆ ಕೆಳಗೆ ಇಷ್ಟು ನುಣ್ಣಗೈತೆ. ಇಲ್ಲಿಂದ ಮರೆ ಶುರು. ನಂದು ಎರಡು ಪ್ಲೇಟು ಸೇರಿ ಇಪ್ಪತ್ತೆಂಟು, ವಾಷರ್ ನಾಲ್ಕು, ಒಟ್ಟು ಮೂವತ್ತೆರಡು. ನುಣ್ಣಗಿರೋದೇ ಮೂವತ್ನಾಲ್ಕೈತೆ. ನಟ್ಟು ಬಂದು ಮರೆ ಮುಗಿದ ಜಾಗದಾಗೆ ಕಚ್ಕೊಂಡು ಕೂತ್ಕೊಂಡ್ತು. ಪಾನಾ ಹಾಕಿದ್ರೆ ಟೈಟೇ ಟೈಟು. ಒಳಗೆ ಪ್ಲೇಟು ಮಾತ್ರ ಲೊಡ ಲೊಡ.’

ಮರೆ ಎಂದರೆ ಬೋಲ್ಟಿನ ಸುರುಳಿ ಗೆರೆ, ಪಾನಾ ಎಂದರೆ ಸ್ಪ್ಯಾನರ್. ಲೆಕ್ಕವನ್ನು ಅವರೇ ಹೇಳಿಕೊಟ್ಟರು. ಕೂಡುವ ಪ್ಲೇಟುಗಳ ದಪ್ಪ, ಅದಕ್ಕೆ ವಾಷರಿನ ದಪ್ಪ, ಅದಕ್ಕೆ ನಟ್ಟಿನ ಎತ್ತರ, ಆಮೇಲೆ ನಟ್ಟಿನ ಆಚೆಗೆ ಕನಿಷ್ಠ ಎರಡು ಮರೆ ಇಣುಕಬೇಕು. ಇಪ್ಪತ್ತೆಂಟು, ನಾಲ್ಕು, ಹದಿನೆಂಟು, ಐದು. ಐವತ್ತೈದು. ಅದರ ಮೇಲಿನ ಅಳತೆ ಅರವತ್ತು. ಉದ್ದವನ್ನು ತಲೆಯ ಕೆಳಗಿನಿಂದ ಅಳೆಯಬೇಕು, ತಲೆ ಸೇರಿಸಬಾರದು. ವಾಷರ್ ಪಾನಾ ತಿರುಗಿಸುವ ಕಡೆಗೆ. ಇಳಿಜಾರು ಅಂಚಿನ ಚಾನೆಲ್ ತೊಲೆಗೆ ಒಂದು ಕಡೆ ದಪ್ಪ, ಒಂದು ಕಡೆ ತೆಳುವಾದ ಚೌಕ ವಾಷರ್. ಇಲ್ಲದಿದ್ದರೆ ನಟ್ಟು ಓರೆಯಾಗಿ ಕೂತು ಬೋಲ್ಟಿನ ಕತ್ತು ಬಾಗುತ್ತದೆ.

‘ತಲೆ ಮೇಲಿನ ಅಂಕಿ ಏನು?’ ಎಂದು ಕೇಳಿದೆ.

‘ಮೊದಲ್ನೇದು ಎಷ್ಟಕ್ಕೆ ಕಿತ್ತೋಗುತ್ತೆ ಅಂತ. ಎಂಟಂದ್ರೆ ಎಂಟ್ನೂರು, ನಾಕಂದ್ರೆ ನಾನೂರು. ಚುಕ್ಕಿ ಆದ್ಮೇಲಿಂದು, ಕಿತ್ತೋಗೋಕೆ ಮುಂಚೆ ಎಲ್ಲಿ ಜಗ್ಗೋಕೆ ಶುರು ಮಾಡುತ್ತೆ ಅಂತ. ಎಂಟು ಅಂದ್ರೆ ಹತ್ರಾಗೆ ಎಂಟು ಪಾಲಿಗೆ. ಎಂಟ್ನೂರ್ರಾಗೆ ಆರ್ನೂರ ನಲವತ್ತು.’

‘ಎಂಟುನೂರು ಏನು? ಕೆಜಿಯಾ?’

‘ಅದು ನಂಗೇನು ಗೊತ್ತು? ಎಂಜಿನಿಯರ್ ಮೇಡಂ ಹೇಳಿದ್ದು, ನಾನು ಕಲ್ತಿದ್ದು. ಅಂಕಿನೇ ಇಲ್ದಿರೋ ಬೋಲ್ಟು ಬಂದ್ರೆ ಗೇಟಿಗೆ ಹಾಕ್ರಿ, ಕಂಬಕ್ಕೆ ಬೇಡ.’

ಬೋಲ್ಟಿನ ಅಡ್ಡಕೊಯ್ತದ ಪ್ರತಿ ಚದರ ಮಿಲಿಮೀಟರಿಗೆ ಇಷ್ಟು ನ್ಯೂಟನ್ ಎಂದು ನಾನು ಆಮೇಲೆ ಪುಸ್ತಕ ನೋಡಿ ತಿಳಿದುಕೊಂಡೆ. ಮೇಸ್ತ್ರಿ ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಅವತ್ತು ಅವರು ಇನ್ನೊಂದು ಮಾತನ್ನೂ ಹೇಳಿದ್ದರು. ಹೊರಡುತ್ತಾ, ಬಾಗಿಲಲ್ಲಿ ನಿಂತು: ‘ನಟ್ಟಿನ ಮೇಲೂ ಅಂಕಿ ಇರ್ತೈತೆ ಸಾಮಿ. ಬೋಲ್ಟಿನ ಮೊದಲ್ನೇ ಅಂಕಿಗೆ ಸರಿಯಾಗಿ. ಎಂಟಕ್ಕೆ ಎಂಟು. ಹತ್ತು ಇದ್ರೂ ನಡೀತೈತೆ, ಕಮ್ಮಿ ನಡೆಯಲ್ಲ. ಆದ್ರೆ ಅದು ಬೋಲ್ಟಿನ ಜೊತೇಗೇ ಸೆಟ್ ಬರ್ತೈತೆ, ನಾವು ನೋಡೋದೇನಿಲ್ಲ.’

ನಾನು ಹಳೆಯ ಅಭ್ಯಾಸದಂತೆ ಎಲ್ಲವನ್ನೂ ಬರೆದುಕೊಂಡೆ. ಆ ಸಂಜೆಯೇ ಸ್ಟೋರಿನ ಗೋಡೆಗೆ ಒಂದು ಪಟ್ಟಿ ಅಂಟಿಸಿದೆ. ವಿತರಣೆಯ ಪುಸ್ತಕಕ್ಕೂ ಹೊಸ ಕಾಲಂಗಳನ್ನು ಎಳೆದೆ. ಬೋಲ್ಟಿನ ವ್ಯಾಸ, ಉದ್ದ, ತಲೆಯ ಅಂಕಿ, ವಾಷರಿನ ಬಗೆ. ನಟ್ಟಿಗೆ ಎರಡೇ ಕಾಲಂ ಕೊಟ್ಟೆ: ವ್ಯಾಸ, ಎಷ್ಟು. ಬಾಗಿಲಲ್ಲಿ ಹೇಳಿದ ಮಾತು ನನ್ನ ನೋಟ್‌ಬುಕ್ಕಿನಲ್ಲಿತ್ತು, ಪಟ್ಟಿಗೆ ಹೋಗಲಿಲ್ಲ. ನೋಡೋದೇನಿಲ್ಲ ಎಂದರಲ್ಲ, ಕಾಲಂ ಯಾಕೆ ಎಂದು ಬಿಟ್ಟೆ. ಪುಟದಲ್ಲಿ ಜಾಗವೂ ಉಳಿದಿರಲಿಲ್ಲ. ಭಾವ ಆ ಪುಸ್ತಕವನ್ನು ಬಂದವರಿಗೆಲ್ಲ ತೋರಿಸುತ್ತಿದ್ದರು.

ಮೇಸ್ತ್ರಿಯ ತಂಡದಲ್ಲಿ ಮೇಲೆ ಹತ್ತಿ ಬೋಲ್ಟು ಹಾಕುವವರು ಶಿರಾದ ಒಬ್ಬ ಸಾಯಿಬರು. ಎಲ್ಲರೂ ಅವರನ್ನು ಭಾಯ್ ಎನ್ನುತ್ತಿದ್ದರು. ಮೇಸ್ತ್ರಿಗಿಂತ ಎರಡು ವರ್ಷ ದೊಡ್ಡವರು. ಇಬ್ಬರೂ ಇಪ್ಪತ್ತೆಂಟು ವರ್ಷದಿಂದ ಜೊತೆ. ಮೇಸ್ತ್ರಿ ಕೆಳಗೆ ನಿಂತು ಕ್ರೇನಿನವನಿಗೆ ಕೈ ತೋರಿಸುವುದು, ಭಾಯ್ ಮೇಲೆ ಕೂತು ರಂಧ್ರಕ್ಕೆ ರಂಧ್ರ ಸೇರಿಸುವುದು. ಒಬ್ಬರನ್ನೊಬ್ಬರು ಲೇ ಎಂದೇ ಕರೆಯುತ್ತಿದ್ದರು. ಮೇಸ್ತ್ರಿಯ ಮಗಳ ಮದುವೆಯಲ್ಲಿ ಚಪ್ಪರದ ಕಂಬ ನೆಟ್ಟವರು ಭಾಯ್. ಮಧ್ಯಾಹ್ನ ಒಂದೇ ಕಡೆ ಕೂತು ಬುತ್ತಿ ಬಿಚ್ಚುತ್ತಿದ್ದರು.

‘ನೀನು ಮೇಲೆ ಹತ್ತಲೇ ಒಂದಿನ, ನಾನು ಕೆಳಗೆ ನಿಂತು ಬರೀ ಕೈ ಆಡುಸ್ತೀನಿ’ ಎಂದು ಭಾಯ್ ಹೇಳುವುದು.

‘ಹತ್ತುತೀನಿ. ನೀನು ಕೈ ಆಡಿಸಿದ್ರೆ ಕ್ರೇನಿನೋನು ಸಿರಾಕ್ಕೇ ಹೋಗ್ಬುಡ್ತಾನೆ’ ಎಂದು ಮೇಸ್ತ್ರಿ ಹೇಳುವುದು. ಇದನ್ನು ವಾರಕ್ಕೊಮ್ಮೆಯಾದರೂ ಕೇಳಿದ್ದೇನೆ.

ಆ ವರ್ಷ ಬೇಸಿಗೆಯಲ್ಲಿ ಎರಡು ಕೆಲಸ ಒಟ್ಟಿಗೆ ಬಂದವು. ಒಂದು ಕೊರಟಗೆರೆ ತಾಲ್ಲೂಕಿನಲ್ಲಿ, ಸಿದ್ದರಬೆಟ್ಟದ ಕೆಳಗೆ, ಬಂದ ಭಕ್ತರು ಕೂತು ಊಟ ಮಾಡುವ ಶೆಡ್. ಇನ್ನೊಂದು ಪಾವಗಡದಿಂದ ನಾಗಲಮಡಿಕೆಗೆ ಹೋಗುವ ದಾರಿಯಲ್ಲಿ ಕಡಲೆಕಾಯಿ ತುಂಬುವ ಗೋದಾಮು. ಗೋದಾಮು ಮೇಸ್ತ್ರಿಯ ತಂಡಕ್ಕೆ ಬಂತು. ಎರಡಕ್ಕೂ ಒಂದೇ ಬೋಲ್ಟು: ಇಪ್ಪತ್ತು ಮಿಲಿಮೀಟರ್ ದಪ್ಪ, ಅರವತ್ತು ಉದ್ದ, ಎಂಟು ಪಾಯಿಂಟ್ ಎಂಟು, ಕಪ್ಪು ಬಣ್ಣದ್ದು. ಬೋಲ್ಟು ಒಂದು ಪೆಟ್ಟಿಗೆಯಲ್ಲಿ, ಅದರ ನಟ್ಟು ಇನ್ನೊಂದು ಪೆಟ್ಟಿಗೆಯಲ್ಲಿ ಬಂದಿತ್ತು. ಕೊರಟಗೆರೆಯ ಲಾರಿ ಅವಸರದಲ್ಲಿ ಹೊರಟಾಗ ನಟ್ಟಿನ ಪೆಟ್ಟಿಗೆ ಒಂದು ಹೆಚ್ಚಾಗಿ ಅದರ ಮೇಲೆ ಹೋಯಿತು. ಅದು ನನಗೆ ಗೊತ್ತಾದದ್ದು ಪಾವಗಡದಿಂದ ಬಂದ ಹುಡುಗನೊಬ್ಬ ಮೂರನೇ ಸಾಲಿನ ಕಂಬಗಳಿಗೆ ಸಾಮಾನು ಕೇಳಿದಾಗ. ಬೋಲ್ಟು ಇದ್ದವು. ಕಪ್ಪು ನಟ್ಟು ಎಣಿಸಿದರೆ ಒಂದು ಬದಿಯ ಕೂಡಿಕೆಗೆ ಸಾಲುವಷ್ಟು ಮಾತ್ರ.

ರ‍್ಯಾಕಿನ ಕೆಳಗೆ ಒಂದು ಚೀಲ ಇತ್ತು. ನಾನು ಬರುವ ಮೊದಲು ಯಾರ್ಡಿನವರು ಪಾವಗಡದ ಸೋಲಾರ್ ಕಡೆಯಿಂದ ಹೊರಡುವ ವಿದ್ಯುತ್ ಗೋಪುರಗಳ ಕೆಲಸ ಮಾಡಿದ್ದರು, ಅದರಲ್ಲಿ ಉಳಿದದ್ದು. ಸತುವಿನಲ್ಲಿ ಅದ್ದಿದ, ಬೆಳ್ಳಗೆ ಹೊಳೆಯುವ ನಟ್ಟುಗಳು. ಒಂದನ್ನು ತೆಗೆದು ಕಪ್ಪು ಬೋಲ್ಟಿಗೆ ಹಾಕಿ ನೋಡಿದೆ. ಬೆರಳ ತುದಿಯಲ್ಲಿ ತಳ್ಳಿದರೆ ಸಾಕು, ತಾನಾಗಿ ಓಡಿತು. ಹದಿನಾರು ನಟ್ಟು ಎಣಿಸಿ ಕೊಟ್ಟೆ. ಪುಸ್ತಕದಲ್ಲಿ ಬರೆದೆ: ನಟ್ಟು, ವ್ಯಾಸ ಇಪ್ಪತ್ತು, ಹದಿನಾರು. ಕಾಲಂ ಭರ್ತಿಯಾಯಿತು.

ಮಧ್ಯಾಹ್ನ ಮೇಸ್ತ್ರಿಯ ಫೋನು ಬಂತು.

‘ಸಾಮಿ, ಬೆಳ್ಳಿ ನಟ್ಟು ಕಳ್ಸಿದ್ದೀರಲ್ಲ. ನಮ್ಮ ಬೋಲ್ಟಿಂದೇನಾ?’

‘ಇಪ್ಪತ್ತರದ್ದೇ ಮೇಸ್ತ್ರಿ. ನಾನೇ ಹಾಕಿ ನೋಡಿದೀನಿ. ಸತು ಹಾಕಿರೋದು, ತುಕ್ಕೂ ಹಿಡಿಯಲ್ಲ.’

‘ಸರಿ ಸರಿ. ಭಾಯ್ ಮೇಲೆ ಕುಣೀತಾವ್ನೆ, ಬೆಣ್ಣೆ ಅಂಗೆ ಹೋಗ್ತೈತೆ ಅಂತ. ದಿನಾ ಇಂತದ್ದೇ ಕಳ್ಸಬೇಕಂತೆ.’

ಅಷ್ಟೇ ಮಾತು. ಒಂದು ನಿಮಿಷವೂ ಇರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ಮೂರನೇ ಸಾಲಿನ ತೊಲೆ ಪೂರ್ವದ ಬದಿಯಲ್ಲಿ ಕಂಬದಿಂದ ಕಳಚಿತು. ಕ್ರೇನು ಹಿಂದಿನ ಸಂಜೆಯೇ ಕೊಕ್ಕೆ ಬಿಚ್ಚಿ ಹೋಗಿತ್ತು. ಭಾಯ್ ತೊಲೆಯ ಮೇಲೆ ಕೂತು ತಗಡು ಹೊರುವ ಅಡ್ಡಪಟ್ಟಿಗಳನ್ನು ಜೋಡಿಸುತ್ತಿದ್ದರು. ಸೊಂಟದ ಬೆಲ್ಟು ಕಟ್ಟಿದ್ದರು, ಆದರೆ ಕಟ್ಟಿದ್ದು ಆ ತೊಲೆಗೇ. ಮೇಲಿನ ಬೋಲ್ಟುಗಳ ಜಾಗ ಮೊದಲು ಬಾಯಿ ಬಿಟ್ಟಿತು, ಆಮೇಲೆ ತೊಲೆ ತಿರುಚಿಕೊಂಡು ಇಳಿಯಿತು, ಭಾಯ್ ಅದರ ಜೊತೆಗೇ ಬಂದರು ಎಂದು ನೋಡಿದವರು ಹೇಳಿದರು. ಬಲಗಾಲು ತೊಲೆಯ ಕೆಳಗಾಯಿತು. ತುಮಕೂರಿನ ಆಸ್ಪತ್ರೆಯಲ್ಲಿ ಅದೇ ರಾತ್ರಿ ಮೊಣಕಾಲಿನ ಮೇಲಕ್ಕೆ ಕತ್ತರಿಸಿದರು.

ನಾನು ಸೈಟಿಗೆ ಹೋದದ್ದು ಸಂಜೆ ನಾಲ್ಕಕ್ಕೆ, ಭಾವನ ಜೊತೆ. ಬಿಸಿಲು ಇನ್ನೂ ಬಂಡೆಯಿಂದ ಎದ್ದು ಮುಖಕ್ಕೆ ಹೊಡೆಯುತ್ತಿತ್ತು. ತೊಲೆಯ ಒಂದು ತುದಿ ಪಶ್ಚಿಮದ ಕಂಬದಲ್ಲಿ ಇನ್ನೂ ಸಿಕ್ಕಿಕೊಂಡಿತ್ತು. ಅಲ್ಲಿನ ಕಪ್ಪು ನಟ್ಟುಗಳು ಒಂದೂ ಅಲ್ಲಾಡಿರಲಿಲ್ಲ. ಪೂರ್ವದ ಕಂಬದ ಕೆಳಗೆ ಮಣ್ಣಿನಲ್ಲಿ ಬೋಲ್ಟುಗಳು ಬಿದ್ದಿದ್ದವು. ಒಂದನ್ನು ಎತ್ತಿಕೊಂಡೆ. ತುಂಡಾಗಿರಲಿಲ್ಲ, ಬಾಗಿರಲಿಲ್ಲ. ತಲೆಯ ಮೇಲೆ ಎಂಟು ಪಾಯಿಂಟ್ ಎಂಟು ಸ್ಪಷ್ಟವಾಗಿತ್ತು. ಮರೆಯ ಸಂದಿನಲ್ಲಿ ಮಾತ್ರ ಒಂದು ತೆಳುವಾದ ಕಬ್ಬಿಣದ ಎಳೆ ಸುತ್ತಿಕೊಂಡಿತ್ತು, ಪೆನ್ನಿನ ಒಳಗಿನ ಸ್ಪ್ರಿಂಗಿನ ಹಾಗೆ. ಸ್ವಲ್ಪ ದೂರದಲ್ಲಿ ಒಂದು ಬೆಳ್ಳಿ ನಟ್ಟು ಸಿಕ್ಕಿತು. ಅದರ ಒಳಗೆ ಮರೆಯೇ ಇರಲಿಲ್ಲ. ಕೊಳವೆಯ ತುಂಡಿನ ಹಾಗೆ ನುಣ್ಣಗಿತ್ತು. ಎಳೆ ಎಲ್ಲಿಂದ ಬಂತು ಎಂದು ಆಗ ತಿಳಿಯಿತು.

ನಟ್ಟಿನ ಮುಖವನ್ನು ಅಂಗಿಯ ತುದಿಯಲ್ಲಿ ಒರೆಸಿದೆ. ಸತು ತುಂಬಿ ಅರ್ಧ ಮುಚ್ಚಿಹೋದ ಒಂದು ಅಂಕಿ. ಉಗುರಿನಲ್ಲಿ ಕೆರೆದೆ. ಐದು.

ಎರಡನ್ನೂ ಜೇಬಿಗೆ ಹಾಕಿಕೊಂಡೆ. ಯಾರಿಗೂ ಹೇಳಲಿಲ್ಲ.

ವರದಿಗಾರನಾಗಿದ್ದಾಗ ನಾನು ಇಂಥ ಸುದ್ದಿ ಹಲವು ಬರೆದಿದ್ದೆ. ಮೊದಲ ದಿನ ಸ್ಥಳದಲ್ಲಿ ಯಾರು ಗಟ್ಟಿಯಾಗಿ ಮಾತಾಡುತ್ತಾರೋ ಅವರ ಮಾತೇ ಕಾರಣವಾಗಿ ಅಚ್ಚಾಗುತ್ತದೆ ಎಂದು ನನಗೆ ಗೊತ್ತಿತ್ತು. ಇಲ್ಲಿ ಗಟ್ಟಿಯಾಗಿ ಮಾತಾಡಿದವರು ಭಾವ. ‘ಪಾನಾಕ್ಕೆ ಪೈಪ್ ಸಿಕ್ಸಿ ಎಳೆದಿದಾರೆ. ಓವರ್ ಟೈಟ್ ಮಾಡಿದಾರೆ. ನಾನು ನೂರು ಸಲ ಹೇಳಿದೀನಿ ಈ ಮೇಸ್ತ್ರಿಗೆ’ ಎಂದು ಗೋದಾಮಿನ ಮಾಲೀಕರಿಗೂ ಪೊಲೀಸರಿಗೂ ಹೇಳಿದರು. ಮೇಸ್ತ್ರಿ ಕಂಬಕ್ಕೆ ಒರಗಿ ಕೂತಿದ್ದರು. ಅಂಗಿಯ ಮೇಲೆ ಭಾಯ್‌ನ ರಕ್ತ ಒಣಗಿತ್ತು. ಕೈಯಲ್ಲಿ ಒಂದು ಬೋಲ್ಟು ಹಿಡಿದುಕೊಂಡು ಅದರ ತಲೆಯನ್ನು ಹೆಬ್ಬೆರಳಲ್ಲಿ ಸವರುತ್ತಲೇ ಇದ್ದರು. ತಾನು ಅಂಕಿ ತಪ್ಪಾಗಿ ಓದಿದೆನೇ ಎಂದು ಮತ್ತೆ ಮತ್ತೆ ಓದುತ್ತಿದ್ದರು ಎಂದು ನನಗೆ ಅನ್ನಿಸಿತು.

ಮರಳುವಾಗ ಕಾರಿನಲ್ಲಿ ಭಾವನಿಗೆ ನಟ್ಟು ತೋರಿಸಿದೆ. ಅವರು ಗಾಡಿಯನ್ನು ಮಧುಗಿರಿಯ ರಸ್ತೆಯ ಪಕ್ಕ ನಿಲ್ಲಿಸಿ, ಒಳಗಿನ ದೀಪ ಹಾಕಿ ನೋಡಿದರು. ಅವರಿಗೆ ವಿವರಿಸಬೇಕಾಗಲಿಲ್ಲ.

‘ಕೊಟ್ಟಿದ್ದು ಯಾರು?’

‘ನಾನು.’

ದೀಪ ಆರಿಸಿದರು. ‘ನಿನ್ನ ಅಕ್ಕನ ಮುಖ ನೋಡಿ ಹೇಳ್ತಿದೀನಿ. ಅದನ್ನ ಆಚೆ ಎಸಿ. ಮೇಸ್ತ್ರಿ ತಲೆ ಮೇಲೆ ಹೋದ್ರೆ ಬರೀ ತಪ್ಪು ಕೆಲಸ. ಸ್ಟೋರ್ ಮೇಲೆ ಬಂದ್ರೆ ಯಾರ್ಡೇ ಹೋಗುತ್ತೆ.’

ನಾನು ಎಸೆಯಲಿಲ್ಲ. ಎಸೆಯುವುದಿಲ್ಲ ಎಂದೂ ಹೇಳಲಿಲ್ಲ.

ಮುಂದಿನ ಎರಡು ದಿನ ಮೇಸ್ತ್ರಿ ಆಸ್ಪತ್ರೆಗೆ ಹೋಗಲಿಲ್ಲ. ತಂಡದವರೆಲ್ಲ ಹೋಗಿ ಬಂದರು. ಮೇಸ್ತ್ರಿ ಎಲ್ಲಿ ಎಂದು ಭಾಯ್ ಕೇಳಿದರಂತೆ. ಭಾಯ್‌ನ ಅಣ್ಣತಮ್ಮಂದಿರಿಗೆ ಓವರ್ ಟೈಟಿನ ಕಥೆ ಆಗಲೇ ತಲುಪಿತ್ತು. ಆ ಮೇಸ್ತ್ರಿ ಇತ್ತ ಬಂದರೆ ಸುಮ್ಮನೆ ಬಿಡುವುದಿಲ್ಲ ಎಂದರಂತೆ. ಮೇಸ್ತ್ರಿ ಯಾರ್ಡಿಗೆ ಬಂದು, ತಮ್ಮ ಪಾನಾಗಳನ್ನು ಒಂದೊಂದಾಗಿ ನನ್ನ ಮೇಜಿನ ಮೇಲಿಟ್ಟು, ‘ಬರ್ಕೊಳ್ರಿ ಸಾಮಿ, ವಾಪಸ್ ಬಂದೈತೆ ಅಂತ’ ಎಂದರು. ಬರೆದುಕೊಂಡೆ. ಜೇಬಿನಲ್ಲಿ ನಟ್ಟು ಇತ್ತು. ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಯಾಕೆ ಎಂಬುದಕ್ಕೆ ನನ್ನ ಬಳಿ ಗೌರವದ ಕಾರಣ ಯಾವುದೂ ಇಲ್ಲ. ಹೆದರಿದ್ದೆ.

ಮೂರನೇ ದಿನ ಗೋದಾಮಿನ ನಕ್ಷೆ ಮಾಡಿದ ಎಂಜಿನಿಯರ್ ಯಾರ್ಡಿಗೆ ಬಂದರು. ತುಮಕೂರಿನವರು, ಮೂವತ್ತೈದರ ಹೆಂಗಸು. ಮೇಸ್ತ್ರಿಗೆ ಅಂಕಿಗಳ ಅರ್ಥ ಕಲಿಸಿದ್ದವರು ಇವರೇ. ಭಾವ, ಮೇಸ್ತ್ರಿ, ನಾನು ಮೇಜಿನ ಸುತ್ತ ಕೂತೆವು. ಸೈಟಿನಿಂದ ಆರಿಸಿ ತಂದ ಬೋಲ್ಟುಗಳನ್ನು ಅವರು ಒಂದು ಪತ್ರಿಕೆಯ ಮೇಲೆ ಹರಡಿದರು. ಬಿದ್ದ ನಟ್ಟುಗಳು ಒಂದೂ ಅದರಲ್ಲಿರಲಿಲ್ಲ. ಯಾರು ಆರಿಸಿದರು ಎಂದು ನಾನು ಕೇಳಲಿಲ್ಲ.

‘ಪೈಪ್ ಹಾಕಿ ಎಳೆದಿದ್ರಾ?’ ಎಂದು ಅವರು ಮೇಸ್ತ್ರಿಯನ್ನು ಕೇಳಿದರು.

‘ಇಲ್ಲ ಮೇಡಂ. ಭಾಯ್ ಕೈ ಪಾನಾನೇ. ಆದ್ರೆ ಮೇಲಿನ ಎರಡು ನಟ್ಟು ಹಿಡೀಲಿಲ್ಲ, ಸುತ್ತುತಾನೇ ಇತ್ತು ಅಂದ. ಬದಲಾಯ್ಸು ಅಂದೆ. ಬದಲಾಯ್ಸಿದ.’

‘ಹಿಡೀಲಿಲ್ಲ ಅಂದಾಗ ಇಳಿಸಿ ನೋಡಬೇಕಲ್ವಾ?’

‘ನೋಡಬೇಕಿತ್ತು’ ಎಂದರು ಮೇಸ್ತ್ರಿ. ‘ತಪ್ಪು ನಂದೇ ಮೇಡಂ. ಬರ್ಕೊಳ್ರಿ.’

ಭಾವ ನನ್ನತ್ತ ನೋಡಲಿಲ್ಲ. ಎಂಜಿನಿಯರ್ ಪೆನ್ನು ತೆಗೆದರು. ಬರೆಯುವುದಕ್ಕೆ ಮೊದಲು ಒಂದು ಬೋಲ್ಟನ್ನು ಎತ್ತಿ, ಮರೆಯಲ್ಲಿ ಸಿಕ್ಕಿದ್ದ ಎಳೆಯನ್ನು ಉಗುರಿನಿಂದ ಎಳೆದರು. ಅದು ಸುರುಳಿಯಾಗಿ ಕೈಗೆ ಬಂತು.

‘ಬೋಲ್ಟಿನ ಮರೆ ಸರಿಯಾಗಿದೆ. ಇದು ನಟ್ಟಿನ ಮರೆ. ನಟ್ಟು ಎಲ್ಲಿ?’

ನಾನು ಜೇಬಿಗೆ ಕೈ ಹಾಕಿ ನಟ್ಟನ್ನು ಪತ್ರಿಕೆಯ ಮೇಲಿಟ್ಟೆ. ಎದ್ದು ಹೋಗಿ ರ‍್ಯಾಕಿನ ಕೆಳಗಿನ ಚೀಲವನ್ನು ಎಳೆದು ತಂದೆ. ವಿತರಣೆಯ ಪುಸ್ತಕವನ್ನು ಆ ದಿನದ ಪುಟಕ್ಕೆ ತೆರೆದು ಅದರ ಪಕ್ಕ ಇಟ್ಟೆ. ಕೈಬರಹ ನನ್ನದು.

ಅವರು ಚೀಲದಿಂದ ಒಂದು ಹೊಸ ಬೆಳ್ಳಿ ನಟ್ಟು ತೆಗೆದು, ಕಪ್ಪು ಬೋಲ್ಟಿಗೆ ಅರ್ಧ ಹಾಕಿ, ಬೋಲ್ಟನ್ನು ನೆಟ್ಟಗೆ ಹಿಡಿದು ನಟ್ಟನ್ನು ಆಚೀಚೆ ಅಲ್ಲಾಡಿಸಿದರು. ಟಿಕ್ ಟಿಕ್ ಎಂದು ಸದ್ದಾಯಿತು. ಆಮೇಲೆ ಕಪ್ಪು ನಟ್ಟನ್ನು ಹಾಕಿ ಅಲ್ಲಾಡಿಸಿದರು. ಸದ್ದಿಲ್ಲ.

‘ಇದು ಗೋಪುರದ ನಟ್ಟು’ ಎಂದರು. ‘ಅಲ್ಲಿನ ಬೋಲ್ಟು ಐದು ಪಾಯಿಂಟ್ ಆರು, ನಟ್ಟು ಐದು. ಅದಕ್ಕೆ ಅದು ಸರಿ. ಆ ಬೋಲ್ಟಿನ ಮೇಲೂ ಸತುವಿನ ದಪ್ಪ ಪದರ ಇರುತ್ತಲ್ಲ, ಅದು ಒಳಗೆ ಹೋಗಲಿ ಅಂತ ನಟ್ಟಿನ ಮರೆಯನ್ನ ದೊಡ್ಡದಾಗಿ ಕೊರೆದಿರ್ತಾರೆ. ಸತು ಇಲ್ಲದ ಬೋಲ್ಟಿಗೆ ಹಾಕಿದ್ರೆ ಸಡಿಲ. ಮರೆಗೆ ಮರೆ ಅರ್ಧಂಬರ್ಧ ಕಚ್ಚುತ್ತೆ. ಕಬ್ಬಿಣವೂ ಮೆತ್ತಗಿನದು. ಎಂಟರ ಬೋಲ್ಟು ಎಳೆದ್ರೆ ಅದು ತಡೆಯಲ್ಲ, ಸುಲಿದು ಬರುತ್ತೆ.’ ಮೇಸ್ತ್ರಿಯ ಕಡೆ ತಿರುಗಿದರು. ‘ತಲೆ ನೀವು ಸರಿಯಾಗೇ ಓದಿದೀರಿ.’

ಮೇಸ್ತ್ರಿ ನಟ್ಟನ್ನು ಕೈಗೆ ತೆಗೆದುಕೊಂಡು ಹೆಬ್ಬೆರಳಲ್ಲಿ ಸವರಿದರು. ಐದರ ಮೇಲೆ ಬೆರಳು ನಿಂತಿತು. ಭಾವ ಎದ್ದು ಹೊರಗೆ ಹೋದರು. ಹೊರಗೆ ಅವರ ಕಾರು ಶುರುವಾದ ಸದ್ದು ಕೇಳಿತು.

ಎಂಜಿನಿಯರ್ ಎಲ್ಲವನ್ನೂ ಬರೆದುಕೊಂಡರು. ನಾನು ಸಹಿ ಮಾಡಿದೆ. ಫೋನಿನ ವಿಷಯ ಆ ಕಾಗದದಲ್ಲಿ ಇರಲಿಲ್ಲ, ಏಕೆಂದರೆ ಮೇಸ್ತ್ರಿ ಹೇಳಿರಲಿಲ್ಲ. ಅದನ್ನೂ ಸೇರಿಸಿ ಎಂದು ನಾನೇ ಹೇಳಿ ಬರೆಸಿದೆ.

ಅವರು ಹೋದ ಮೇಲೆ ಮೇಸ್ತ್ರಿಯನ್ನು ಕೇಳಿದೆ. ‘ಫೋನ್ ಮಾಡಿ ಕೇಳಿದ್ದೆ ಅಂತ ನೀವು ಹೇಳಬಹುದಿತ್ತಲ್ಲ.’

‘ನೀವು ಸತು ಅಂದ್ರಿ, ತುಕ್ಕು ಹಿಡಿಯಲ್ಲ ಅಂದ್ರಿ. ನಾನೂ ಒಳ್ಳೇದೇ ಅಂದ್ಕೊಂಡೆ. ನಿಮ್ಗೆ ಗೊತ್ತಿಲ್ಲ ಅಂತ ನಂಗೆ ಗೊತ್ತಿತ್ತು ಸಾಮಿ. ಪುಸ್ತಕದಾಗೆ ನಟ್ಟಿಗೆ ಜಾಗ ಇಲ್ದಿದ್ದು ನಾನೂ ನೋಡಿದ್ದೆ. ಬೆಣ್ಣೆ ಅಂಗೆ ಹೋಗ್ತೈತೆ ಅಂದ್ನಲ್ಲ ಅವನು. ಆವಾಗ್ಲೇ ಇಳಿಸಬೇಕಿತ್ತು. ಹೊಸ ನಟ್ಟು ಅಂಗೆ ಹೋಗಬಾರದು.’

‘ನಾಳೆ ಆಸ್ಪತ್ರೆಗೆ ಹೋಗೋಣ’ ಎಂದೆ.

‘ನೀವು ಮುಂದೆ ನಿಂತು ಹೇಳ್ತೀರಾ?’

‘ಹೇಳ್ತೀನಿ.’

ಆದರೆ ಹೋದದ್ದು ಹತ್ತು ದಿನದ ಮೇಲೆ, ಆಸ್ಪತ್ರೆಗಲ್ಲ, ಶಿರಾದಲ್ಲಿ ಭಾಯ್‌ನ ಮನೆಗೆ. ಅಷ್ಟರಲ್ಲಿ ಭಾವ ನನ್ನನ್ನು ಸ್ಟೋರಿಗೆ ಬರಬೇಡ ಎಂದಿದ್ದರು. ಅಕ್ಕ ಫೋನು ಮಾಡುವುದನ್ನು ನಿಲ್ಲಿಸಿದ್ದಳು. ಮೇಸ್ತ್ರಿ ಬೀದಿಯ ತಿರುವಿನಲ್ಲಿ ಎರಡು ಸಲ ನಿಂತರು. ಬಾಗಿಲಲ್ಲಿ ಭಾಯ್‌ನ ತಮ್ಮ ಅಡ್ಡ ನಿಂತ. ನಾನು ಮೇಸ್ತ್ರಿಗಿಂತ ಮುಂದೆ ಹೋಗಿ, ‘ಒಂದು ವಿಷಯ ಹೇಳಬೇಕು, ಕೇಳಿ ಆಮೇಲೆ ಕಳಿಸಿ’ ಎಂದೆ. ಒಳಗಿನಿಂದ ಭಾಯ್ ಕೂಗಿ ಬಿಡಲು ಹೇಳಿದರು.

ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಹೊದಿಕೆ ಒಂದು ಕಡೆ ಚಪ್ಪಟೆಯಾಗಿತ್ತು. ನಾನು ನಿಂತುಕೊಂಡೇ ಹೇಳಿದೆ. ಚೀಲ, ಪುಸ್ತಕ, ಫೋನು, ಜೇಬಿನಲ್ಲಿ ಎರಡು ದಿನ ಇಟ್ಟುಕೊಂಡದ್ದು, ಎಲ್ಲವನ್ನೂ ನಡೆದ ಕ್ರಮದಲ್ಲಿ. ಒಂದು ಕಪ್ಪು ಬೋಲ್ಟನ್ನೂ ಬೆಳ್ಳಿ ನಟ್ಟನ್ನೂ ಹೊದಿಕೆಯ ಮೇಲಿಟ್ಟೆ. ಭಾಯ್ ನಟ್ಟನ್ನು ಬೋಲ್ಟಿಗೆ ಹಾಕಿ ತಳ್ಳಿದರು. ಓಡಿತು. ತಲೆಕೆಳಗು ಮಾಡಿದರು. ಮತ್ತೆ ಓಡಿತು. ಅಲ್ಲಾಡಿಸಿದರು. ಟಿಕ್ ಟಿಕ್.

‘ಅರೆ’ ಎಂದರು. ‘ನಾನು ಮೇಲೆ ಕೂತು ಇದ್ನ ಹೊಗಳಿದ್ನಲ್ಲೋ.’

ಆಮೇಲೆ ಬಾಗಿಲಲ್ಲೇ ನಿಂತಿದ್ದ ಮೇಸ್ತ್ರಿಯನ್ನು ನೋಡಿದರು. ‘ಲೇ, ಯಾಕೆ ಅಲ್ಲೇ ನಿಂತಿದೀಯಾ? ಎರಡು ವಾರ ಆಯ್ತು ಕಾಲು ಹೋಗಿ. ಬಂದು ಕೂತ್ಕೋ ಬಾ.’

ಮೇಸ್ತ್ರಿ ಬಂದು ಮಂಚದ ಅಂಚಿನಲ್ಲಿ, ಹೊದಿಕೆ ಚಪ್ಪಟೆಯಾಗಿದ್ದ ಜಾಗದಲ್ಲಿ ಕೂತರು. ಇನ್ನೆಲ್ಲೂ ಜಾಗ ಇರಲಿಲ್ಲ. ಕೂತ ಮೇಲೆ ತಾನು ಎಲ್ಲಿ ಕೂತಿದ್ದೇನೆ ಎಂದು ತಿಳಿದು ಏಳಲು ಹೋದರು. ಭಾಯ್ ತೋಳು ಹಿಡಿದು ಕೂರಿಸಿದರು.

‘ನಾಳೆಯಿಂದ ನೀನು ಮೇಲೆ ಹತ್ತು’ ಎಂದರು ಭಾಯ್. ‘ಕೈ ಆಡ್ಸೋಕೆ ಕಾಲು ಯಾಕೆ?’

ಮೇಸ್ತ್ರಿ ಮುಖವನ್ನು ಟವಲಿನಲ್ಲಿ ಮುಚ್ಚಿಕೊಂಡರು.

ಭಾಯ್‌ನ ಹೆಂಡತಿ ಚಹಾ ತಂದರು. ಎರಡು ಲೋಟ. ಒಂದನ್ನು ಮೇಸ್ತ್ರಿಗೆ ಕೊಟ್ಟರು, ಒಂದನ್ನು ಗಂಡನಿಗೆ. ನನ್ನ ಕಡೆ ನೋಡದೆ ಒಳಗೆ ಹೋದರು. ಅದರಿಂದ ನನಗೆ ಆಶ್ಚರ್ಯವಾಗಲಿಲ್ಲ. ಹೇಳಬೇಕಾದದ್ದು ಮುಗಿದಿತ್ತು, ಬೋಲ್ಟು ಎತ್ತಿಕೊಳ್ಳಲು ಕೈ ಚಾಚಿದೆ. ಭಾಯ್ ಬೋಲ್ಟನ್ನು ಮಾತ್ರ ಕೊಟ್ಟರು. ನಟ್ಟು ಅವರ ಮುಷ್ಟಿಯಲ್ಲೇ ಇತ್ತು.

‘ಇದು ಇಲ್ಲೇ ಇರಲಿ’ ಎಂದರು. ಅವತ್ತು ಅವರು ನನ್ನೊಂದಿಗೆ ಆಡಿದ್ದು ಆ ಒಂದೇ ಮಾತು.

ಬೀದಿಗೆ ಬಂದು ಮೇಸ್ತ್ರಿಗಾಗಿ ಅರ್ಧ ಗಂಟೆ ಕಾದೆ. ಅವರು ಬರಲಿಲ್ಲ. ಕಿಟಕಿಯಿಂದ ಇಬ್ಬರ ಮಾತು ಸಣ್ಣಗೆ ಕೇಳುತ್ತಿತ್ತು, ಯಾವುದೋ ಹಳೆಯ ಸೈಟಿನ ವಿಷಯ. ಬಸ್ ಸ್ಟ್ಯಾಂಡಿಗೆ ನಡೆದುಕೊಂಡು ಹೋಗಿ ಮಧುಗಿರಿಯ ಬಸ್ಸು ಹತ್ತಿದೆ.